ಮ್ಯಾಚಿಗೆ ಮುಂಚೆ ಯಾವ ಹಾಡು?

ಎರಡು ವರ್ಷದ ಹಿಂದೆ ಒಂದು ಕಾಲೇಜು ಕ್ರಿಕೆಟ್ ತಂಡದ ಜೊತೆ ಅಂತರ ಕಾಲೇಜು ಸೆಮಿಫೈನಲ್ಲಿಗೆ ಹೋಗಿದ್ದೆ. ಕ್ರೀಡಾ ಮನಶ್ಶಾಸ್ತ್ರ ನನ್ನ ಕೆಲಸ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಹಿಂದಿನ ಸೀಟಿನಲ್ಲಿ ದೊಡ್ಡ ಸ್ಪೀಕರು. ಎದುರಾಳಿಯನ್ನು ಅಟ್ಟಾಡಿಸುವ, ಕಪ್ಪು ನಮ್ಮದೇ ಎನ್ನುವ ಹಾಡುಗಳು ಒಂದರ ಮೇಲೊಂದು. ಹುಡುಗರು ಸೀಟು ಬಿಟ್ಟು ಕುಣಿದರು. ಮೈದಾನದಲ್ಲಿ ಇಳಿಯುವಾಗಲೂ ಹಾಡುತ್ತಲೇ ಇಳಿದರು. ನೋಡೋಕೆ ನನಗೂ ಖುಷಿಯಾಯಿತು.

25 ಓವರಿನ ಮ್ಯಾಚು, ಮ್ಯಾಟ್ ಹಾಕಿದ ಪಿಚ್ಚು. ನಮ್ಮವರದು ಮೊದಲು ಬೌಲಿಂಗ್. ಮೊದಲ ಓವರ್ ಮುಗಿಯಲು 11 ಚೆಂಡು ಬೇಕಾಯಿತು: ಮೂರು ವೈಡು, ಎರಡು ನೋಬಾಲು. ಎದುರಾಳಿ 141 ಹೊಡೆದರು. ನಮ್ಮ ಇಬ್ಬರು ಓಪನರುಗಳು ಒಟ್ಟು ಒಂಬತ್ತು ಚೆಂಡಿನಲ್ಲಿ ಔಟು. ಇಬ್ಬರೂ ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಎಳೆದು ಮಿಡ್‌ವಿಕೆಟ್ಟಿಗೆ ಕ್ಯಾಚು ಕೊಟ್ಟರು. 97ಕ್ಕೆ ಆಲೌಟಾದೆವು. 44 ರನ್ನಿನ ಸೋಲು.

ಸಂಜೆ ಬೌಲರ್ ಹುಡುಗ ಹೇಳಿದ, "ಮೇಡಂ, ರನ್‌ಅಪ್ಪು ಇವತ್ತು ನನ್ನ ಕೈಲೇ ಇರ್ಲಿಲ್ಲ. ಕಾಲು ತಾನಾಗೇ ಓಡ್ತಿತ್ತು." ಆ ಮಾತನ್ನು ನಾನು ಬಹಳ ದಿನ ಯೋಚಿಸಿದೆ. ಮೊದಲ ಓವರಿಗೆ ಹಾಡಿನ ಬಡಿತವೇ ಕಾರಣ ಅಂದುಕೊಳ್ಳಬಹುದು. ಆದರೆ ಬ್ಯಾಟಿಂಗಿಗೆ? ಬಸ್ಸಿನ ಹಾಡು ನಿಂತು ಎರಡೂವರೆ ಗಂಟೆಯಾದ ಮೇಲೆ ಓಪನರುಗಳು ಕ್ರೀಸಿಗೆ ಹೋಗಿದ್ದರು. ಅಷ್ಟು ಹೊತ್ತು ಎದೆಬಡಿತ ಏರಿಯೇ ಇರುವುದಿಲ್ಲ.

ಅಲ್ಲಿಂದ ನಾನು ಕಂಡುಕೊಂಡ ವಿಷಯ ಇಷ್ಟು. ಹಾಡಿನಲ್ಲಿ ಎರಡು ಬೇರೆ ಬೇರೆ ಶಕ್ತಿಗಳಿವೆ. ಬಡಿತ ಮೈಗೆ ಹತ್ತುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಮಾತು ತಲೆಗೆ ಹತ್ತುತ್ತದೆ, ಇಡೀ ದಿನ ಅಲ್ಲೇ ಇರುತ್ತದೆ. ಹುರುಪು ಬರುವುದು ಹೆಚ್ಚಾಗಿ ಬಡಿತದಿಂದ. ಸೊಕ್ಕು ಬರುವುದು ಹೆಚ್ಚಾಗಿ ಮಾತಿನಿಂದ. ಎರಡನ್ನೂ ಒಂದೇ ಅಂದುಕೊಂಡರೆ ಹುಡುಗರ ಹಾಡನ್ನೇ ನಿಲ್ಲಿಸಿಬಿಡುತ್ತೇವೆ. ಅದು ದೊಡ್ಡ ತಪ್ಪು.

ಮೊದಲು ಬಡಿತದ ವಿಷಯ. ಹಾಡಿನ ವೇಗ ಅಳೆಯೋದು ಸುಲಭ. ತೊಡೆ ತಟ್ಟುತ್ತಾ 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ಜಾಗಿಂಗಿಗೆ, ಜಿಮ್ಮಿಗೆ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 140 ಬಡಿತದ ಹಾಡು ಹಾಕುತ್ತಾರೆ. ಬಸ್ಸಿನ ಹಾಡುಗಳು ಹೆಚ್ಚುಕಮ್ಮಿ 140 ಇದ್ದವು. ಮೈ ಬಿಸಿ ಮಾಡೋಕೆ ಅದು ಸರಿ. ಆದರೆ ಕ್ರಿಕೆಟ್ ಹಗ್ಗ ಜಗ್ಗೋ ಆಟ ಅಲ್ವಲ್ಲ. ಗಂಟೆಗೆ 120 ಕಿಲೋಮೀಟರ್ ವೇಗದ ಚೆಂಡು ಬೌಲರನ ಕೈಯಿಂದ ಬ್ಯಾಟಿಗೆ ಬರಲು ಅರ್ಧ ಸೆಕೆಂಡಿಗಿಂತ ಸ್ವಲ್ಪವೇ ಜಾಸ್ತಿ ಹೊತ್ತು ಬೇಕು. ಅಷ್ಟರಲ್ಲಿ ಆಡೋದಾ ಬಿಡೋದಾ ಅಂತ ನಿರ್ಧಾರ ಆಗಬೇಕು. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು 1908ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ, ಕೆಲಸ ಸೂಕ್ಷ್ಮವಾದಷ್ಟೂ ಅತಿಯಾದ ಪ್ರಚೋದನೆ ಅದರ ಕಲಿಕೆಯನ್ನು ಕೆಡಿಸುತ್ತದೆ ಎಂದು ತೋರಿಸಿದರು. ಮನುಷ್ಯರಿಗೆ ಅದನ್ನು ಹಾಗೆಹಾಗೇ ಅನ್ವಯಿಸಲಾಗದು. ಆದರೂ ನೆಟ್ಸಿನಲ್ಲಿ ನಾನು ನೋಡೋದೂ ಅದನ್ನೇ.

ಮೈ ಅತಿಯಾಗಿ ಏರಿದಾಗ ಏನಾಗುತ್ತದೆ ಅಂತ ಹತ್ತಿರದಿಂದ ನೋಡಿ. ಬ್ಯಾಟರನ ಕೆಳಗಿನ ಕೈ ಹಿಡಿಯನ್ನು ಹಿಸುಕುತ್ತದೆ. ಬ್ಯಾಟಿನ ಮುಖ ಬೇಗ ಮುಚ್ಚಿಕೊಳ್ಳುತ್ತದೆ. ನೇರ ಹೋಗಬೇಕಾದ ಚೆಂಡು ಮಿಡ್‌ವಿಕೆಟ್ ಕಡೆ ಗಾಳಿಯಲ್ಲಿ ಹೋಗುತ್ತದೆ. ಬೌಲರನ ರನ್‌ಅಪ್ಪಿನಲ್ಲಿ ಒಂದೊಂದು ಹೆಜ್ಜೆಯೂ ಸ್ವಲ್ಪ ಉದ್ದ ಆಗುತ್ತದೆ. ನಮ್ಮ ಹುಡುಗನದು 16 ಹೆಜ್ಜೆಯ ರನ್‌ಅಪ್ಪು. ಒಂದು ಹೆಜ್ಜೆಗೆ ಒಂದು ಬೆರಳಿನ ಅಗಲದಷ್ಟು ಜಾಸ್ತಿಯಾದರೂ ಕೊನೆಗೆ ಕಾಲು ಒಂದು ಶೂನಷ್ಟು ಮುಂದೆ ಬಿದ್ದಿರುತ್ತದೆ. ನೋಬಾಲು ಬಂದದ್ದು ಸೊಕ್ಕಿನಿಂದ ಅಲ್ಲ, ಹೆಜ್ಜೆಯಿಂದ.

ಇದಕ್ಕೆ ಮದ್ದು ಸಮಯ. ಈಗ ನಾನು ಜೊತೆಗಿರುವ ತಂಡಗಳಲ್ಲಿ, ಒಂಬತ್ತೂವರೆಗೆ ಆಟ ಅಂದರೆ ಜೋರು ಹಾಡು ಎಂಟೂವರೆಗೆ, ವಾರ್ಮ್‌ಅಪ್ ಓಟದ ಜೊತೆ. ಒಂಬತ್ತಕ್ಕೆ ಟಾಸ್. ಅದಕ್ಕೆ ಹತ್ತು ನಿಮಿಷ ಮುಂಚೆ ಎಲ್ಲರೂ ಸುತ್ತು ನಿಂತು ತಂಡದ ಹಾಡು, ಎರಡು ಸುತ್ತು, ಒಟ್ಟು ಒಂದೂವರೆ ನಿಮಿಷ. ಟಾಸ್ ಆದ ಮೇಲೆ ಸ್ಪೀಕರು ಬ್ಯಾಗಿನೊಳಗೆ. ಆ ಅರ್ಧ ಗಂಟೆಯಲ್ಲಿ ಮೈ ತಾನಾಗಿ ಒಂದು ಹದಕ್ಕೆ ಬರುತ್ತದೆ. ಬೌಲರುಗಳು ರನ್‌ಅಪ್ ಅಳೆಯೋದು ಆ ಹೊತ್ತಿನಲ್ಲೇ, ಹಾಡಿನ ಮಧ್ಯೆ ಅಲ್ಲ.

ಇನ್ನು ಮಾತು. ನನ್ನ ಪ್ರಕಾರ ಕಷ್ಟದ ಕೆಲಸ ಇರೋದು ಇಲ್ಲೇ. ಬಸ್ಸಿನ ಹಾಡುಗಳೆಲ್ಲ ಇನ್ನೂ ಆಗದ ಒಂದು ವಿಷಯವನ್ನು ಆಗಿಹೋಗಿದೆ ಎಂದು ಹೇಳುತ್ತಿದ್ದವು: ಗೆದ್ದಾಯ್ತು, ಅವರು ಓಡಿದರು, ಕಪ್ಪು ಬಂತು. ಮುಕ್ಕಾಲು ಗಂಟೆ ಅದನ್ನೇ ಕೂಗಿದ ಮೇಲೆ ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಸುಮ್ನೆ ಬಿಡಬೇಕು ಅಂತ ಯಾಕೆ ಅನಿಸಬೇಕು? ತನ್ನನ್ನು ಹುಲಿ ಅಂದುಕೊಂಡವನು ಚೆಂಡು ಬಿಡುತ್ತಾನೆಯೇ? ಆಟದ ಬಗ್ಗೆ, ಚೆಂಡಿನ ಬಗ್ಗೆ, ಓಟದ ಬಗ್ಗೆ ಒಂದು ಸಾಲೂ ಆ ಹಾಡುಗಳಲ್ಲಿ ಇರಲಿಲ್ಲ.

ಮುಂದಿನ ವರ್ಷ ಹುಡುಗರಿಗೆ ತಾವೇ ಹಾಡು ಕಟ್ಟೋಕೆ ಹೇಳಿದೆ. ಮೊದಲು ಬಂದದ್ದು ಇದು:

ಬಂತು ನೋಡು ಹುಲಿಯ ಹಿಂಡು
ಹೊತ್ತು ತರುವೆವು ಕಪ್ಪು ಇಂದು

ಪ್ರಾಸ ಚೆನ್ನಾಗಿದೆ, ಎಂದೆ. ಆಮೇಲೆ ಒಂದೇ ಪ್ರಶ್ನೆ ಕೇಳಿದೆ: ಇದನ್ನು ಹಾಡಿದ ಮೇಲೆ ಕವರಿನಲ್ಲಿ ನಿಂತವನು ಏನು ಮಾಡಬೇಕು ಅಂತ ಅವನಿಗೆ ಗೊತ್ತಾಗುತ್ತಾ? ಯಾರೂ ಮಾತಾಡಲಿಲ್ಲ. ವಿಕೆಟ್ ಕೀಪರ್ ಹುಡುಗ ಉತ್ತರ ಕರ್ನಾಟಕದವನು, ಅವನ ಊರಲ್ಲಿ ಕೋಲಾಟ ಜೋರು. "ಮೇಡಂ, ಒಬ್ಬ ಕೇಳ್ಬೇಕ್ರೀ, ಎಲ್ಲಾರೂ ಹೇಳ್ಬೇಕ್ರೀ" ಎಂದ. ಹೀಗೆ ಸವಾಲು ಜವಾಬಿನ ಧಾಟಿ ಸಿಕ್ಕಿತು. ಎರಡು ಸಂಜೆ ಕೂತು ಮಾಡಿದ ಹಾಡು ಇದು:

ಚೆಂಡು ಬಂತು ಚೆಂಡು ಬಂತು ಕಣ್ಣು ಎಲ್ಲಿದೆ?
ಚೆಂಡಿನಲ್ಲಿದೆ!
ಕೂಗು ಬಂತು ಕೂಗು ಬಂತು ಕಾಲು ಎಲ್ಲಿದೆ?
ಓಟದಲ್ಲಿದೆ!
ಫೋರು ಹೋಯ್ತು ಕ್ಯಾಚು ಬಿತ್ತು ಮನಸು ಎಲ್ಲಿದೆ?
ಮುಂದಿನ ಚೆಂಡಲ್ಲಿದೆ!

ಮೂರನೇ ಸವಾಲಿನ ಸಾಲಿಗೆ ಜಗಳವೇ ಆಯಿತು. "ಮ್ಯಾಚಿಗೆ ಮುಂಚೇನೇ ಕ್ಯಾಚು ಬಿತ್ತು ಅಂತ ಹಾಡೋದಾ ಮೇಡಂ? ಅಪಶಕುನ ಅಲ್ವಾ?" ಎಂದ ಒಬ್ಬ. ಅವನ ಅಳುಕು ನನಗೆ ಅರ್ಥವಾಯಿತು, ನಗಲಿಲ್ಲ. ಹಿಂದಿನ ವರ್ಷದ ಸ್ಕೋರ್ ಪುಸ್ತಕ ತಂದು ತೋರಿಸಿದೆ. ಗೆದ್ದ ಮ್ಯಾಚುಗಳಲ್ಲೂ ಕ್ಯಾಚು ಬಿಟ್ಟಿದ್ದರು, ಫೋರು ಹೊಡೆಸಿಕೊಂಡಿದ್ದರು. ಗೆದ್ದೇ ಬಿಟ್ಟೆವು ಎಂದು ಹಾಡಿ ಬಂದ ತಂಡಕ್ಕೆ ಮೊದಲ ಕ್ಯಾಚು ಬಿದ್ದಾಗ ಹಾಡೇ ಸುಳ್ಳಾಗುತ್ತದೆ, ಆಮೇಲೆ ಹಿಡಿದುಕೊಳ್ಳೋಕೆ ಏನೂ ಉಳಿಯಲ್ಲ. ಈ ಹಾಡು ಮಾತ್ರ ಕ್ಯಾಚು ಬಿದ್ದಾಗಲೇ ಕೆಲಸಕ್ಕೆ ಬರುತ್ತದೆ. ಕ್ಯಾಪ್ಟನ್ ಒಪ್ಪಿದ. ಆ ಸಾಲು ಉಳಿಯಿತು.

ಹಾಡುವಾಗ ಸುಮ್ಮನೆ ನಿಂತು ಕೂಗೋದಲ್ಲ. ಕೋಲಾಟದಲ್ಲಿ ಮೈಮರೆತರೆ ಕೋಲು ಬೆರಳಿಗೆ ಬೀಳುತ್ತದೆ. ಹಾಗೇ ಇಲ್ಲಿ ಸುತ್ತು ನಿಂತವರ ನಡುವೆ ಎರಡು ಚೆಂಡು ಓಡಾಡುತ್ತವೆ. ಪ್ರತಿ ಜವಾಬಿಗೆ ಒಂದು ಎಸೆತ, ಒಂದು ಹಿಡಿತ. ಗಂಟಲು ಎಷ್ಟೇ ಏರಲಿ, ಕಣ್ಣು ಚೆಂಡು ಬಿಡೋ ಹಾಗಿಲ್ಲ. ಧಾಟಿ ತೊಡೆ ತಟ್ಟಿ ಎಣಿಸಿದರೆ ನಿಮಿಷಕ್ಕೆ 110ರ ಹತ್ತಿರ ಬರುತ್ತದೆ. ಅದಕ್ಕಿಂತ ಜೋರಾದರೆ ಚೆಂಡು ಕೈ ಜಾರೋಕೆ ಶುರುವಾಗುತ್ತದೆ, ಆಗ ಅವರೇ ವೇಗ ಇಳಿಸುತ್ತಾರೆ. ಕನ್ನಡ ಬಾರದ ಇಬ್ಬರು ಹುಡುಗರಿದ್ದರು. ಜವಾಬುಗಳು ಒಂದೆರಡೇ ಮಾತಿನವು ಆದ್ದರಿಂದ ಅವರಿಗೂ ಒಂದೇ ದಿನದಲ್ಲಿ ಬಂತು.

ಎದುರಾಳಿಯನ್ನು ಹಂಗಿಸುವ ಸಾಲು ಮಾತ್ರ ಬೇಡವೇ ಬೇಡ. ಅದು ಅವರ ಕಿವಿಗೂ ಬೀಳುತ್ತದೆ, ಅವರಿಗೆ ಪುಕ್ಕಟೆ ಹುರುಪು.

ಹೆದರಿದ ತಂಡದ ಕತೆ ಬೇರೆ. ಸಾಲಾಗಿ ಸೋತು ಬಂದವರಿಗೆ "ಮುಂದಿನ ಚೆಂಡು" ಸಾಲದು, ಸ್ವಲ್ಪ ಬೆನ್ನು ತಟ್ಟುವ ಮಾತೂ ಬೇಕು. ಆಗ ನಾನು ಒಂದು ಗೆರೆ ಎಳೆಯುತ್ತೇನೆ: ಮಾಡಿದ್ದನ್ನು ಹಾಡಿ, ಮಾಡದ್ದನ್ನು ಹಾಡಬೇಡಿ. "ಮೊನ್ನೆ ಅಭ್ಯಾಸದಲ್ಲಿ ನಾವು ನಲವತ್ತು ಕ್ಯಾಚು ಹಿಡಿದೆವು" ಅನ್ನೋದು ನಿಜವಾಗಿದ್ದರೆ ಅದನ್ನು ಎಷ್ಟು ಜೋರಾಗಿ ಹಾಡಿದರೂ ಸೊಕ್ಕಾಗಲ್ಲ.

ಹಾಡು ಹುರುಪು ತಂದಿದೆಯೋ ಸೊಕ್ಕು ತಂದಿದೆಯೋ ಅಂತ ಗೊತ್ತಾಗೋದು ಹೇಗೆ? ಹಾಡು ಮುಗಿದು ಹತ್ತು ನಿಮಿಷದ ಮೇಲೆ ಒಬ್ಬೊಬ್ಬರನ್ನೇ ಕೇಳುತ್ತೇನೆ, "ಮೊದಲ ಓವರಲ್ಲಿ ನಿನ್ನ ಕೆಲಸ ಏನಪ್ಪಾ?" "ಹೊರಗಿನದು ಬಿಡ್ತೀನಿ, ಕಾಲ ಮೇಲಿನದು ಆಡ್ತೀನಿ" ಅಂದರೆ ಸರಿಯಿದ್ದಾನೆ. "ಮುಗಿಸಿಬಿಡ್ತೀನಿ ಮೇಡಂ" ಅಂದರೆ ಕೋಚಿಗೆ ಹೇಳಿ ಅವನನ್ನು ಹತ್ತು ಚೆಂಡು ಬರೀ ಬಿಡೋ ಅಭ್ಯಾಸಕ್ಕೆ ಕಳಿಸುತ್ತೇನೆ. ಸ್ಕೋರ್ ಪುಸ್ತಕದಲ್ಲೂ ಗುರುತು ಸಿಗುತ್ತದೆ. ಮೊದಲ ಮೂರು ಓವರಿನ ವೈಡು, ನೋಬಾಲು ಎಷ್ಟು, ಓಪನರ್ ಮೊದಲ ಆರು ಚೆಂಡಿನಲ್ಲಿ ಎಷ್ಟು ಬಾರಿ ಎತ್ತಿ ಹೊಡೆದ ಅಂತ ಬರೆದಿಡಿ. ಒಂದು ಮ್ಯಾಚಿನಿಂದ ಏನೂ ಹೇಳಲಾಗದು. ಪಿಚ್ಚು, ಗಾಳಿ, ಎದುರಾಳಿ ಎಲ್ಲವೂ ಸೇರಿರುತ್ತವೆ. ಎಂಟು ಹತ್ತು ಮ್ಯಾಚಿನ ಲೆಕ್ಕ ಇಟ್ಟರೆ ಹಾಡು ಬದಲಿಸಿದ ಮೇಲೆ ಏನು ಬದಲಾಯಿತು ಅಂತ ಸ್ವಲ್ಪ ಕಾಣುತ್ತದೆ.

ಹೊಸ ಹಾಡಿನ ಮೊದಲ ಮ್ಯಾಚನ್ನು ನಾವು ಆರು ರನ್ನಿನಿಂದ ಸೋತೆವು. ಆದರೆ ಮೊದಲ ಓವರಿನಲ್ಲಿ ಒಂದೇ ವೈಡು ಹೋಗಿತ್ತು. ಒಂಬತ್ತನೇ ಓವರಿನಲ್ಲಿ ಅಪಶಕುನ ಎಂದಿದ್ದ ಹುಡುಗನೇ ಪಾಯಿಂಟಿನಲ್ಲಿ ಸುಲಭದ ಕ್ಯಾಚು ಬಿಟ್ಟ. ತಲೆ ತಗ್ಗಿಸಿ ನಿಂತ. ಕೀಪರ್ ಹಿಂದಿನಿಂದ ಕೂಗಿದ, "ಮನಸು ಎಲ್ಲೈತೋ?" ಎರಡು ಚೆಂಡಿನ ನಂತರ ಅದೇ ಹುಡುಗ ಎಡಕ್ಕೆ ಬಿದ್ದು ಒಂದು ಫೋರು ತಡೆದ.

ಎಲ್ಲರಿಗೂ ಒಂದೇ ಹಾಡು ಒಗ್ಗುತ್ತದೆ ಅಂತ ಮಾತ್ರ ತಿಳಿಯಬೇಡಿ. ಯೂರಿ ಹಾನಿನ್ ಎಂಬ ಕ್ರೀಡಾ ಮನಶ್ಶಾಸ್ತ್ರಜ್ಞರು ಚೆನ್ನಾಗಿ ಆಡೋಕೆ ಬೇಕಾದ ಮನಸ್ಸಿನ ಬಿಸಿ ಒಬ್ಬೊಬ್ಬರಿಗೂ ಬೇರೆ ಎಂದು ತೋರಿಸಿದ್ದಾರೆ. ನಮ್ಮ ತಂಡದಲ್ಲಿ ಆರನೇ ನಂಬರಿನಲ್ಲಿ ಆಡುವ ಹುಡುಗನಿಗೆ ಗದ್ದಲ ಆಗಿಬರಲ್ಲ. ಬೆಳಿಗ್ಗೆ ಸುತ್ತಿನಲ್ಲಿ ನಿಂತು ಎಲ್ಲರ ಜೊತೆ ಹಾಡುತ್ತಾನೆ. ಆದರೆ ಅವನ ಸರದಿ ಬರೋಕೆ ಗಂಟೆಗಟ್ಟಲೆ ಇರುತ್ತದೆ, ಅಷ್ಟರಲ್ಲಿ ಬೆಳಗಿನ ಹುರುಪೆಲ್ಲ ಆರಿರುತ್ತದೆ. ಅದಕ್ಕೇ ಮೂರನೇ ವಿಕೆಟ್ ಬಿದ್ದಾಗ ಪ್ಯಾಡು ಕಟ್ಟಿಕೊಂಡು ಮರದ ಕೆಳಗೆ ಹೋಗಿ ಕೂರುತ್ತಾನೆ. ಇಯರ್‌ಫೋನು ಹಾಕಿಕೊಂಡು ಅವನ ಅಜ್ಜಿ ಹಾಡಿದ ಒಂದು ಬೀಸುವ ಪದ ಕೇಳುತ್ತಾನೆ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡದ್ದು. ನಾಲ್ಕನೆಯದು ಬಿದ್ದ ಕೂಡಲೇ ಫೋನನ್ನು ನನ್ನ ಕೈಗೆ ಕೊಟ್ಟು, ಹೆಲ್ಮೆಟ್ ಹಾಕಿಕೊಂಡು ಒಳಗೆ ನಡೆಯುತ್ತಾನೆ.