ಓದು ಪರೀಕ್ಷೆಗೆ ಮುಂಚಿನ ಎರಡು ನಿಮಿಷ

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಮೂರನೇ ತರಗತಿಯ ಟೀಚರ್. ಪ್ರತಿ ವರ್ಷ ನಮ್ಮಲ್ಲಿ ಓದು ಪರೀಕ್ಷೆ ಇರುತ್ತದೆ. ಒಬ್ಬೊಬ್ಬರೇ ಬಂದು ಮೇಜಿನ ಎದುರು ಕೂರಬೇಕು, ಕೊಟ್ಟ ಹಾಳೆಯನ್ನು ಗಟ್ಟಿಯಾಗಿ ಓದಬೇಕು. ಒಂದು ನಿಮಿಷ ಗಡಿಯಾರ ಓಡುತ್ತದೆ. ಓದಿದ ಒಟ್ಟು ಪದಗಳಲ್ಲಿ ತಪ್ಪಿದ ಪದಗಳನ್ನು ಕಳೆದರೆ ಉಳಿಯುವುದೇ ಅಂಕ. ಆಮೇಲೆ ಓದಿದ್ದರ ಬಗ್ಗೆ ಎರಡು ಮೂರು ಪ್ರಶ್ನೆ.

ಪರೀಕ್ಷೆಗೆ ಮುಂಚೆ ನಾನೂ ಎಲ್ಲರ ಹಾಗೆ ಮಕ್ಕಳಿಗೆ ಧೈರ್ಯ ಹೇಳುತ್ತಿದ್ದೆ. "ಹೆದರಬೇಡಿ. ಜೋರಾಗಿ ಓದಿ. ತಪ್ಪು ಮಾಡಬೇಡಿ. ಶಾಲೆಯ ಹೆಸರು ಉಳಿಸಿ." ಅದರಿಂದ ಕೆಡುಕೇ ಆಗುತ್ತಿತ್ತು ಅಂತ ಗೊತ್ತಾಗಲು ನನಗೆ ಜಾಸ್ತಿ ವರ್ಷ ಬೇಕಾಯಿತು. ಹೆದರಿಕೆಯೇ ಇಲ್ಲದೆ ಕೂತಿದ್ದ ಮಗುವಿಗೂ "ಓಹೋ, ಇಲ್ಲಿ ಹೆದರಬೇಕಾದ್ದು ಏನೋ ಇದೆ" ಅಂತ ನಾನೇ ತಿಳಿಸಿಕೊಡುತ್ತಿದ್ದೆ. ಶಾಲೆಯ ಹೆಸರನ್ನು ಎಂಟು ವರ್ಷದ ಮಗುವಿನ ತಲೆ ಮೇಲೆ ಹೊರಿಸಿದ್ದಂತೂ ನನ್ನದೇ ತಪ್ಪು.

ಕಣ್ಣು ತೆರೆಸಿದ್ದು ಒಬ್ಬ ಹುಡುಗಿ. ಅವಳ ಮನೆಯವರು ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಮನೆಯಲ್ಲಿ ಆ ಸೀಮೆಯ ಕನ್ನಡ, ಗಲ್ಲಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ. ಕನ್ನಡ ಅಕ್ಷರ ಕಣ್ಣಿಗೆ ಬೀಳುವುದು ಶಾಲೆಯಲ್ಲಿ ಮಾತ್ರ. ಆದರೂ ತರಗತಿಯಲ್ಲಿ ಚೆನ್ನಾಗಿಯೇ ಓದುತ್ತಿದ್ದಳು. ಪರೀಕ್ಷೆಯ ದಿನ ಮಾತ್ರ ಎಕ್ಸ್‌ಪ್ರೆಸ್ ಗಾಡಿಯ ಹಾಗೆ ಹೊರಟಳು. ಒಂದು ನಿಮಿಷಕ್ಕೆ 52 ಪದ. ಅದರಲ್ಲಿ 17 ತಪ್ಪು. ಉಳಿದದ್ದು 35.

ಆ ಹದಿನೇಳರಲ್ಲಿ ಕಷ್ಟದ ಪದ ನಾಲ್ಕೋ ಐದೋ. ಉಳಿದವೆಲ್ಲ ಅವಳಿಗೆ ಗೊತ್ತಿದ್ದವೇ. "ಮರದಿಂದ" ಅಂತ ಇದ್ದದ್ದನ್ನು "ಮರದ" ಅಂತ ಓದಿ ಮುಂದೆ ಹೋಗಿದ್ದಳು. "ಬರುತ್ತಿದ್ದನು" ಎಂಬುದು "ಬಂದನು" ಆಗಿತ್ತು. ಒಂದು ಸಾಲನ್ನೇ ಹಾರಿಸಿದ್ದಳು. ಪದದ ಮೊದಲ ಎರಡು ಅಕ್ಷರ ನೋಡಿ ಬಾಲವನ್ನು ಊಹೆ ಮಾಡುತ್ತಿದ್ದಳು ಅಂತ ಕಾಣುತ್ತದೆ. ಕನ್ನಡದಲ್ಲಿ ಹೀಗೆ ಮಾಡಿದರೆ ಬಹಳ ನಷ್ಟ. ನಮ್ಮ ಪದದ ಅರ್ಥ ಅರ್ಧ ಇರುವುದೇ ಬಾಲದಲ್ಲಿ, ಅಲ್ವಾ? ಯಾರು, ಎಲ್ಲಿಂದ, ಯಾವಾಗ ಎಲ್ಲವೂ ಕೊನೆಗೆ ಅಂಟಿಕೊಂಡೇ ಬರುತ್ತವೆ. ಆಮೇಲೆ ಪ್ರಶ್ನೆ ಕೇಳಿದಾಗ ಅವಳಿಗೆ ಕಥೆಯ ತಲೆಬುಡ ಗೊತ್ತಿರಲಿಲ್ಲ.

ಯಾಕೆ ಅಷ್ಟು ಓಡಿದೆ ಅಂತ ಕೇಳಿದೆ. "ಗಡಿಯಾರ ಹಚ್ಚಿದ್ರಲ್ಲ ಟೀಚರ್, ಮುಗಸಾಕಬೇಕಲ್ಲ" ಅಂದಳು.

ಹಾಳೆ ಮುಗಿಸಬೇಕಾಗಿಲ್ಲ ಅಂತ ನಾನು ಹೇಳಿಯೇ ಇರಲಿಲ್ಲ. ಹಾಳೆಯನ್ನು ಉದ್ದ ಮಾಡಿರುವುದೇ ಹೆಚ್ಚಿನವರು ಮುಗಿಸದಿರಲಿ ಅಂತ.

ಮರುದಿನ ಇಡೀ ತರಗತಿಯನ್ನು ಕೇಳಿದೆ: ಅಲ್ಲಿ ಕೂತಾಗ ಏನು ಯೋಚನೆ ಬಂತು? ಒಬ್ಬ ಹುಡುಗ, "ನೀವು ಪೆನ್ಸಿಲ್‌ನಿಂದ ಗೀಟು ಹಾಕ್ತಿದ್ರಿ, ಪ್ರತಿ ಗೀಟೂ ತಪ್ಪೇ ಅಂದ್ಕೊಂಡೆ" ಅಂದ. ಇನ್ನೊಬ್ಬಳಿಗೆ, ಓದಲು ಬರದ ಪದ ಸಿಕ್ಕರೆ ಅಲ್ಲೇ ನಿಲ್ಲಬೇಕೋ ಬಿಟ್ಟು ಹೋಗಬೇಕೋ ಗೊತ್ತಿರಲಿಲ್ಲ. ಮತ್ತೊಬ್ಬನಿಗೆ, ಬಾಗಿಲ ಹೊರಗೆ ಸಾಲಿನಲ್ಲಿ ನಿಂತವರು ನಗುತ್ತಾರೆ ಎಂಬ ಚಿಂತೆ. ಪರೀಕ್ಷೆ ಅಂದರೇನೇ ಹೆದರಿಕೆ ಅಂದವರು ಯಾರೂ ಇಲ್ಲ. ಎಲ್ಲರ ಹೆದರಿಕೆಯೂ ಒಂದೊಂದು ಸಣ್ಣ, ಉತ್ತರ ಕೊಡಬಹುದಾದ ಪ್ರಶ್ನೆ.

ಊರಿಂದ ಹೊಸದಾಗಿ ಬಂದವರನ್ನು ಲೋಕಲ್ ರೈಲಿಗೆ ಹತ್ತಿಸಿದವರಿಗೆ ಇದು ಅರ್ಥವಾಗುತ್ತದೆ. ಅವರಿಗೆ "ಹೆದರಬೇಡಿ" ಅಂದರೆ ಏನೂ ಪ್ರಯೋಜನವಿಲ್ಲ. "ಕುರ್ಲಾ ಆದಮೇಲೆ ಬಾಗಿಲ ಹತ್ತಿರ ಹೋಗಿ, ಪ್ಲಾಟ್‌ಫಾರ್ಮ್ ಎಡಕ್ಕೋ ಬಲಕ್ಕೋ ಪಕ್ಕದವರನ್ನು ಕೇಳಿ" ಅಂದರೆ ಅವರ ಉಸಿರು ತಾನಾಗಿ ಇಳಿಯುತ್ತದೆ. ಮುಂದೆ ಏನಾಗುತ್ತದೆ ಎಂದು ಗೊತ್ತಿದ್ದರೆ ಸಾಕು. ರೈಲಿನ ಸ್ಪೀಕರಿನಲ್ಲಿ ಹೆಂಗಸಿನ ದನಿಯೊಂದು "ಪುಢೀಲ್ ಸ್ಟೇಶನ್", ಅಂದರೆ ಮುಂದಿನ ನಿಲ್ದಾಣ, ಅಂತ ಹೇಳುವುದೂ ಇದಕ್ಕೇ.

ಹಾಗಾಗಿ ಈಗ ನನ್ನ ಮಾತು ಹೀಗಿರುತ್ತದೆ. ನಿಂತು ಅಲ್ಲ, ಮಕ್ಕಳ ಜೊತೆ ಕೂತು ಹೇಳುತ್ತೇನೆ.

"ಇವತ್ತು ಒಬ್ಬೊಬ್ಬರೇ ಬಂದು ನನಗೆ ಓದಿ ಹೇಳ್ತೀರಿ. ನಾನು ಮೊಬೈಲಿನಲ್ಲಿ ಒಂದು ನಿಮಿಷ ಇಡ್ತೀನಿ. ಅದು ನಾನು ಎಲ್ಲಿ ನಿಲ್ಲಿಸಬೇಕು ಅಂತ ನನಗೆ ಹೇಳೋಕೆ. ನೀವು ಹಾಳೆ ಮುಗಿಸಬೇಕಾಗಿಲ್ಲ. ಅಮ್ಮನಿಗೆ ಕಥೆ ಓದಿ ಹೇಳೋ ಹಾಗೆ ಓದಿ. ಒಂದು ಪದ ಬರಲಿಲ್ಲ ಅಂದ್ರೆ ಪ್ರಯತ್ನ ಮಾಡಿ. ನಾನು ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿ ಆ ಪದ ಹೇಳಿಬಿಡ್ತೀನಿ. ನೀವು ಮುಂದೆ ಹೋಗಿ. ತಪ್ಪಾಗಿ ಓದಿ ತಕ್ಷಣ ಸರಿ ಮಾಡಿಕೊಂಡರೆ ಅದು ಸರಿಯೇ. ನಾನು ಪೆನ್ಸಿಲ್ ಹಿಡಿದು ಏನೇನೋ ಬರೀತಾ ಇರ್ತೀನಿ, ಚೆನ್ನಾಗಿ ಓದಿದಾಗಲೂ ಬರೀತೀನಿ. ಅದನ್ನ ನೋಡಬೇಡಿ, ನಿಮ್ಮ ಬೆರಳು ಎಲ್ಲಿದೆಯೋ ಅಲ್ಲಿ ನೋಡಿ. ನಾನು 'ಸಾಕು ಪುಟ್ಟ' ಅಂತೀನಿ. ಹಾಗಂದ್ರೆ ನಿಮಿಷ ಆಯ್ತು ಅಂತ, ಕೆಟ್ಟದಾಗಿ ಓದಿದ್ರಿ ಅಂತ ಅಲ್ಲ. ಆಮೇಲೆ ಕಥೆ ಬಗ್ಗೆ ಒಂದೆರಡು ಮಾತು ಕೇಳ್ತೀನಿ. ಅಷ್ಟೇ. ಏನಾದ್ರೂ ಕೇಳೋದಿದೆಯಾ?"

ಇಲ್ಲಿ ಒಂದು ಎಚ್ಚರಿಕೆ. ಮೂರು ಸೆಕೆಂಡ್ ಕಾದು ಪದ ಹೇಳಿಕೊಡುವುದು, ತಿದ್ದಿಕೊಂಡದ್ದನ್ನು ಸರಿ ಎಂದು ಎಣಿಸುವುದು ಈ ಬಗೆಯ ಹಲವು ಪರೀಕ್ಷೆಗಳ ನಿಯಮ. ಹೇಳಿಕೊಟ್ಟ ಪದ ತಪ್ಪಿನ ಲೆಕ್ಕಕ್ಕೇ ಹೋಗುತ್ತದೆ. ಆದರೆ ಎಲ್ಲ ಪರೀಕ್ಷೆಗಳಲ್ಲೂ ಹೀಗೇ ಇರುವುದಿಲ್ಲ. ನಿಮ್ಮ ಸೂಚನಾ ಹಾಳೆಯನ್ನು ಹಿಂದಿನ ದಿನವೇ ಓದಿಕೊಳ್ಳಿ. ನೀವು ಹೇಳಿದ್ದೊಂದು, ಮೇಜಿನಲ್ಲಿ ಆಗಿದ್ದೊಂದು ಆದರೆ ಮುಂದಿನ ಸಲ ನಿಮ್ಮ ಮಾತನ್ನು ಮಗು ನಂಬುವುದಿಲ್ಲ.

ನಮ್ಮ ಮಕ್ಕಳಿಗೆ ಇನ್ನೊಂದು ಮಾತು ಸೇರಿಸುತ್ತೇನೆ. "ಹಾಲು" ಇದ್ದದ್ದನ್ನು ಮನೆ ರೂಢಿಯಲ್ಲಿ "ಆಲು" ಅಂದರೆ ನಾನು ತಪ್ಪು ಹಾಕುವುದಿಲ್ಲ. ಅದು ಓದಿನ ತಪ್ಪಲ್ಲ, ನಾಲಿಗೆಯ ರೂಢಿ. ಇದನ್ನು ಹೇಳದಿದ್ದರೆ ಕೆಲವು ಮಕ್ಕಳು ಪ್ರತಿ ಹಕಾರಕ್ಕೂ ತಡವರಿಸುತ್ತಾರೆ. ಒಮ್ಮೆ ಒಬ್ಬ ಹುಡುಗ ಆ ಭಯಕ್ಕೆ "ಆನೆ"ಯನ್ನೂ "ಹಾನೆ" ಮಾಡಿದ್ದ!

ನಿಮಿಷಕ್ಕೆ ಇಷ್ಟು ಪದ ಎಂಬ ಗುರಿಯನ್ನು ಮಾತ್ರ ಮಕ್ಕಳ ಮುಂದೆ ಎತ್ತುವುದಿಲ್ಲ. ಚಿಕ್ಕ ಮಕ್ಕಳ ಓದು, ಲೆಕ್ಕದ ಕಲಿಕೆಗೆಂದು ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯಲ್ಲಿ ಮೂರನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ, ಅದೂ ಅರ್ಥ ಮಾಡಿಕೊಂಡು ಓದಬೇಕು ಅಂತಿದೆ. ನಮ್ಮ "ಹೋಗಬೇಕಾಗಿತ್ತು" ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಮೂರು ನಾಲ್ಕು ಪದ ಬೇಕು. ಹೀಗಾಗಿ ಬೇರೆ ಭಾಷೆಯ ಅಂಕಿಯ ಪಕ್ಕ ನಮ್ಮದನ್ನು ಇಟ್ಟು ನೋಡಿದರೆ ಸುಮ್ನೆ ಗೊಂದಲ. ಏನೇ ಇರಲಿ, ಆ ಅಂಕಿ ನಾನು ಪಾಠ ಯೋಜಿಸಲು ಬೇಕಾದದ್ದು. ಮಗುವಿನ ಕಿವಿಗೆ ಬಿದ್ದರೆ ಅದು ಓಟದ ಪಂದ್ಯವಾಗುತ್ತದೆ.

ಮಾತು ಮುಗಿದ ಮೇಲೆ ಉಸಿರಿನ ಕೆಲಸ. ಹೆದರಿದ ಮಗು ಎದೆಯ ಮೇಲ್ಭಾಗದಲ್ಲಿ ಚಿಕ್ಕ ಚಿಕ್ಕ ಉಸಿರು ತೆಗೆದುಕೊಳ್ಳುತ್ತದೆ. ಗಟ್ಟಿಯಾಗಿ ಓದಲು ಅದು ಸಾಲದು. ವಾಕ್ಯದ ಕೊನೆಗೆ ಬರುವಾಗ ದನಿ ಸೋರಿಹೋಗಿ, ಉದ್ದ ಪದ ನಡುವೆ ಮುರಿಯುತ್ತದೆ. "ಉದ್ದ ಉಸಿರು ತೆಗೆದುಕೊಳ್ಳಿ" ಅಂದರೆ ಮಕ್ಕಳು ಭುಜ ಎತ್ತಿ ಎದೆ ಉಬ್ಬಿಸಿ ಇನ್ನೂ ಬಿಗಿಯಾಗುತ್ತಾರೆ. ಅದಕ್ಕೆ ನಾನು ಬಿಡುವುದರಿಂದ ಶುರು ಮಾಡಿಸುತ್ತೇನೆ. ಅಂಗೈಯಲ್ಲಿ ಬಸಿ ಇದೆ ಅಂದುಕೊಂಡು ಬಿಸಿ ಚಹಾಕ್ಕೆ ಮೆಲ್ಲಗೆ ಊದಬೇಕು, ಚೆಲ್ಲಬಾರದು. ಮೂರು ಸಲ ಸಾಕು. ಉಸಿರು ನಿಧಾನವಾಗಿ ಹೊರಗೆ ಹೋದರೆ ಒಳಗೆ ಬರುವುದು ತಾನಾಗಿ ಆಳಕ್ಕೆ ಬರುತ್ತದೆ. ಆಮೇಲೆ ಎಲ್ಲರೂ ಸೇರಿ ಎರಡನೇ ತರಗತಿಯ ಪುಸ್ತಕದ ನಾಲ್ಕು ಸಾಲು ಒಟ್ಟಿಗೆ ಓದುತ್ತೇವೆ. ಬೇಕೆಂದೇ ಸುಲಭದ್ದು. ಬಾಯಿ ತೆರೆದುಕೊಳ್ಳುತ್ತದೆ, ಸ್ವಂತ ದನಿ ಕಿವಿಗೆ ಬೀಳುತ್ತದೆ.

ಆ ಹುಡುಗಿ ಮೂರು ವಾರದ ನಂತರ ಅದೇ ಮಟ್ಟದ ಬೇರೆ ಹಾಳೆ ಓದಿದಳು. ಈ ಸಲ 44 ಪದ, 3 ತಪ್ಪು. ಉಳಿದದ್ದು 41. ನಿಧಾನವಾಗಿದ್ದಳು, ಆದರೂ ಅಂಕ ಆರು ಜಾಸ್ತಿ. ಕಥೆಯ ಪ್ರಶ್ನೆಗಳಿಗೂ ಉತ್ತರ ಕೊಟ್ಟಳು. ಮೂರು ವಾರದಲ್ಲಿ ಓದೂ ಸ್ವಲ್ಪ ಬೆಳೆದಿರಬಹುದು, ಎಲ್ಲವನ್ನೂ ನನ್ನ ಮಾತಿನ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ. ಆದರೆ ಸಾಲು ಹಾರಿಸುವುದು, ಬಾಲ ನುಂಗುವುದು ನಿಂತದ್ದು ಓಟ ನಿಂತದ್ದರಿಂದಲೇ.

ಮಾತಿನಿಂದ ಆಗದ ಕೆಲಸವೂ ಇದೆ. ಓದಲು ಬರದ ಮಗುವಿಗೆ ಎರಡು ನಿಮಿಷದ ಮಾತು ಓದು ಕಲಿಸುವುದಿಲ್ಲ. ಎಡವಿದ್ದು ಹೆದರಿಕೆಯಿಂದಲೋ ಗೊತ್ತಿಲ್ಲದ್ದರಿಂದಲೋ ಎಂದು ತಿಳಿಯಲು ನಾನು ತಪ್ಪುಗಳ ಪಟ್ಟಿಯನ್ನೇ ನೋಡುತ್ತೇನೆ. ಹೆದರಿಕೆಯ ತಪ್ಪು ಎಲ್ಲೆಂದರಲ್ಲಿ ಬೀಳುತ್ತದೆ. ಮೊದಲ ಸಾಲಿನಲ್ಲಿ ಸರಿ ಓದಿದ ಪದವೇ ನಾಲ್ಕನೇ ಸಾಲಿನಲ್ಲಿ ತಪ್ಪುತ್ತದೆ. ಗೊತ್ತಿಲ್ಲದ ತಪ್ಪು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರತಿ ಒತ್ತಕ್ಷರದಲ್ಲೂ ನಿಲ್ಲುವುದು, "ಸೂರ್ಯ" ಯಾವಾಗಲೂ "ಸೂಯ" ಆಗುವುದು ಹೀಗೆ. ಅನುಮಾನ ಉಳಿದರೆ ಎರಡು ದಿನ ಬಿಟ್ಟು, ಗಡಿಯಾರ ಇಲ್ಲದೆ, ಅಷ್ಟೇ ಕಷ್ಟದ ಬೇರೆ ಹಾಳೆಯನ್ನು ಸ್ನೇಹಿತನಿಗೆ ಓದಿ ಹೇಳಲು ಹೇಳಿ ಪಕ್ಕದಲ್ಲಿ ಕೂರುತ್ತೇನೆ. ಅಲ್ಲೂ ಅದೇ ತಪ್ಪು ಬಂದರೆ ಧೈರ್ಯದ ಮಾತು ಬಿಟ್ಟು ಒತ್ತಕ್ಷರದ ಪಾಠಕ್ಕೆ ಹೋಗಬೇಕು. ಹಾಳೆಯನ್ನು ಮೂಗಿನ ಹತ್ತಿರ ತಂದು ಓದುವ ಮಗುವಿಗೆ ಕಣ್ಣಿನ ಪರೀಕ್ಷೆ ಮಾಡಿಸಬೇಕು.

ಇನ್ನು ಆ ಬಾಗಿಲ ಹೊರಗಿನ ಸಾಲು. ನಮ್ಮ ಕಟ್ಟಡದಲ್ಲಿ ಮರಾಠಿ, ಹಿಂದಿ ಮಾಧ್ಯಮದ ತರಗತಿಗಳೂ ಇವೆ, ಖಾಲಿ ಕೋಣೆ ಸಿಗುವುದೇ ಕಷ್ಟ. ಈಗ ಸಾಲು ನಿಲ್ಲಿಸುವುದನ್ನೇ ಬಿಟ್ಟಿದ್ದೇವೆ. ಉಳಿದವರು ತರಗತಿಯಲ್ಲೇ ಚಿತ್ರ ಬಿಡಿಸುತ್ತಾ ಇರುತ್ತಾರೆ, ಓದಿ ಮುಗಿಸಿದವರು ಹೋಗಿ ಮುಂದಿನವರನ್ನು ಕಳಿಸುತ್ತಾರೆ. ಇಪ್ಪತ್ತಾರನೆಯ ಮಗು ಬರುವಷ್ಟರಲ್ಲಿ ನಾನು ಬೆಳಗ್ಗೆ ಹೇಳಿದ್ದಕ್ಕೆ ಒಂದೂವರೆ ಗಂಟೆ ಆಗಿರುತ್ತದೆ, ಆ ಮಗುವಿಗೆ ಏನೂ ನೆನಪಿರುವುದಿಲ್ಲ. ಹಾಗಾಗಿ ಕುರ್ಚಿಯಲ್ಲಿ ಕೂತ ಪ್ರತಿ ಮಗುವಿಗೂ ಎರಡೇ ವಾಕ್ಯ ಮತ್ತೆ ಹೇಳುತ್ತೇನೆ: "ಮುಗಿಸಬೇಕಾಗಿಲ್ಲ. ಬರದ ಪದ ನಾನು ಹೇಳ್ತೀನಿ." ಆಮೇಲೆ ಹಾಳೆ ತಿರುಗಿಸುತ್ತೇನೆ. ಮಗು ಮೊದಲ ಪದ ಓದಿದ ಮೇಲೆಯೇ ಗಡಿಯಾರ ಒತ್ತುತ್ತೇನೆ.