ಒಂದು ಎಣಿಕೆ, ಒಂದು ಅಳತೆ: ಕ್ಯಾಪ್ಶನ್ ಎಲ್ಲಿ ಕತ್ತರಿಸಿಹೋಗುತ್ತದೆ?

ಮಂಡ್ಯದ ಕಡೆಯ ಒಂದು ಆಲೆಮನೆ. ಕೊಪ್ಪರಿಗೆಯಲ್ಲಿ ಕುದ್ದ ಪಾಕವನ್ನು ಅಚ್ಚಿಗೆ ಸುರಿಯುವ ಅರ್ಧ ನಿಮಿಷದ ರೀಲ್ಸ್. ಕೆಳಗೆ ಹೀಗೊಂದು ಕ್ಯಾಪ್ಶನ್: "ಎಲ್ಲರಿಗೂ ನಮಸ್ಕಾರ ಸ್ನೇಹಿತರೇ ಇವತ್ತಿನ ವಿಡಿಯೋದಲ್ಲಿ ಮಂಡ್ಯ ಆಲೆಮನೆ ಬೆಲ್ಲ ಹೇಗೆ ತಯಾರಾಗುತ್ತದೆ ನೋಡೋಣ". ಮೊಬೈಲ್ ಪರದೆಯಲ್ಲಿ ಕಾಣುವುದು ನಮಸ್ಕಾರ, ಸ್ನೇಹಿತರು, ಹೆಚ್ಚೆಂದರೆ 'ಇವತ್ತಿನ'ದವರೆಗೆ. ಆಮೇಲೆ ಮೂರು ಚುಕ್ಕಿ, ಪಕ್ಕದಲ್ಲಿ more. ಬೆಲ್ಲ ಆ ಚುಕ್ಕಿಗಳ ಹಿಂದೆ ಉಳಿದುಹೋಯಿತು.

ಇಲ್ಲಿ ಎರಡು ಬೇರೆಬೇರೆ ಮಿತಿಗಳಿವೆ, ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ತೊಂದರೆ. ಒಂದು, ಎಷ್ಟು ಬರೆಯಬಹುದು ಎಂಬುದು. ಇನ್‌ಸ್ಟಾಗ್ರಾಮ್ ಕ್ಯಾಪ್ಶನ್‌ಗೆ 2,200 ಅಕ್ಷರ, ಯೂಟ್ಯೂಬ್ ಶಾರ್ಟ್ಸ್ ಶೀರ್ಷಿಕೆಗೆ 100. ಇನ್ನೊಂದು, ಬರೆದದ್ದರಲ್ಲಿ ಎಷ್ಟು ಕಾಣುತ್ತದೆ ಎಂಬುದು. ಮೊದಲನೆಯದನ್ನು ಆ್ಯಪ್ ಎಣಿಸುತ್ತದೆ, ಎರಡನೆಯದನ್ನು ಅಳೆಯುತ್ತದೆ.

ಎಣಿಕೆಯಲ್ಲಿ ಕನ್ನಡಕ್ಕೆ ಖರ್ಚು ಜಾಸ್ತಿ. ನಾವು 'ಮಂಡ್ಯ'ವನ್ನು ಎರಡು ಅಕ್ಷರ ಎಂದು ಓದುತ್ತೇವೆ. ಯೂನಿಕೋಡ್‌ನಲ್ಲಿ ಅದು ಐದು ಸಂಕೇತ, ಆ್ಯಪ್ ಎಣಿಸುವುದೂ ಈ ಸಂಕೇತಗಳನ್ನೇ: ಮ, ಸೊನ್ನೆ, ಡ, ಹಲಂತದ ಗುರುತು, ಯ. ಯ-ಒತ್ತಿಗೆ ಪ್ರತ್ಯೇಕ ಸಂಕೇತವಿಲ್ಲ. ಹಲಂತದ ಗುರುತು ಮತ್ತು ಯ ಸೇರಿ ಪರದೆಯ ಮೇಲೆ ಒತ್ತಾಗಿ ಕಾಣುತ್ತವೆ. ಇದನ್ನು ನೋಡಲು ಮೊಬೈಲ್‌ನಲ್ಲಿ 'ಮಂಡ್ಯ' ಎಂದು ಟೈಪ್ ಮಾಡಿ ಒಂದೊಂದಾಗಿ ಅಳಿಸುತ್ತ ಬನ್ನಿ. ಸಾಮಾನ್ಯವಾಗಿ ಐದು ಸಲ ಒತ್ತಬೇಕಾಗುತ್ತದೆ, ನಡುವೆ 'ಮಂಡ್' ಎಂಬ ರೂಪವೂ ಕಾಣಿಸಿಕೊಳ್ಳುತ್ತದೆ. ಮೇಲಿನ ಕ್ಯಾಪ್ಶನ್‌ನಲ್ಲಿ 'ವಿಡಿಯೋದಲ್ಲಿ'ವರೆಗೆ ನಮ್ಮ ಲೆಕ್ಕಕ್ಕೆ 21 ಅಕ್ಷರ. ಆ್ಯಪ್ ಲೆಕ್ಕಕ್ಕೆ ಅದು 42, ನಡುವಿನ ನಾಲ್ಕು ಖಾಲಿ ಜಾಗ ಸೇರಿ 46. ಇನ್‌ಸ್ಟಾಗ್ರಾಮ್‌ನ 2,200ರಲ್ಲಿ ಇದು ಏನೂ ಅಲ್ಲ. ಆದರೆ ಇದನ್ನೇ ಶಾರ್ಟ್ಸ್ ಶೀರ್ಷಿಕೆಯಾಗಿ ಹಾಕಿದರೆ 100ರಲ್ಲಿ ಹತ್ತಿರಹತ್ತಿರ ಅರ್ಧ ಬರೀ ನಮಸ್ಕಾರಕ್ಕೇ ಹೋಯಿತು. ಹ್ಯಾಶ್‌ಟ್ಯಾಗ್‌ಗಳೂ ಶೀರ್ಷಿಕೆಯಲ್ಲೇ ಇದ್ದರೆ ಅದೇ 100ರೊಳಗೆ ಬರಬೇಕು.

ಕತ್ತರಿ ಬೀಳುವ ಕಡೆ ಲೆಕ್ಕ ಬೇರೆ. ಅಲ್ಲಿ ಮುಖ್ಯವಾಗುವುದು ಸಾಲಿನ ಅಗಲ. ರೀಲ್ಸ್‌ನಲ್ಲಿ ಬಲಗಡೆ ಲೈಕ್, ಕಾಮೆಂಟ್, ಶೇರ್ ಗುಂಡಿಗಳು ಜಾಗ ಹಿಡಿದಿರುತ್ತವೆ. ಉಳಿದ ಅಗಲದಲ್ಲಿ ಕೂರುವಷ್ಟು ಮಾತ್ರ ಕಾಣುತ್ತದೆ. 'ಲ್ಲ' ಎಣಿಕೆಯಲ್ಲಿ ಮೂರು, ಆದರೆ ಒತ್ತು ಬಹುಪಾಲು ಕೆಳಗೆ ಕೂರುವುದರಿಂದ ಅಗಲದಲ್ಲಿ ಮೂರು ಅಕ್ಷರದಷ್ಟು ಜಾಗ ತಿನ್ನುವುದಿಲ್ಲ. ಹಾಗಾಗಿ "ಇಷ್ಟನೇ ಅಕ್ಷರಕ್ಕೆ ಕಟ್ ಆಗುತ್ತದೆ" ಎಂದು ಇಂಗ್ಲಿಷ್ ಬರಹಕ್ಕೆ ಹೇಳುವ ಸಂಖ್ಯೆಯನ್ನು ಕನ್ನಡಕ್ಕೆ ನಂಬಿ ಕೂರಬಾರದು. ನೋಡುವವರು ಫೋನಿನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿಕೊಂಡಿದ್ದರೆ ಕತ್ತರಿ ಇನ್ನೂ ಬೇಗ ಬೀಳುತ್ತದೆ. ಊರಿನಲ್ಲಿ ವಯಸ್ಸಾದವರ ಫೋನುಗಳು ಹೆಚ್ಚಾಗಿ ಹಾಗೆಯೇ ಇರುತ್ತವೆ, ಅವರನ್ನು ಮರೆಯಬಾರದು.

ಈಗ ಅದೇ ಕ್ಯಾಪ್ಶನ್ ತಿದ್ದೋಣ. "ಮಂಡ್ಯ ಆಲೆಮನೆ ಬೆಲ್ಲ: ಪಾಕ ಅಚ್ಚಿಗೆ ಬೀಳುವ ಹೊತ್ತು". ಮೊದಲ ಮೂರು ಪದಕ್ಕೆ ನಮ್ಮ ಲೆಕ್ಕದಲ್ಲಿ ಎಂಟು ಅಕ್ಷರ, ಆ್ಯಪ್ ಲೆಕ್ಕದಲ್ಲಿ ಖಾಲಿ ಜಾಗ ಸೇರಿ 18. ಕತ್ತರಿ ತೀರಾ ಬೇಗ ಬೀಳದಿದ್ದರೆ ಊರು, ಜಾಗ, ವಸ್ತು ಮೂರೂ ಉಳಿಯುತ್ತವೆ. ಪದ ವಿಭಕ್ತಿಯಿಲ್ಲದೆ ನಿಂತಿರುವುದನ್ನೂ ಗಮನಿಸಿ. "ಮಂಡ್ಯದಲ್ಲಿ ಬೆಲ್ಲವನ್ನು" ಎಂದು ಬರೆದರೆ ಮಾತು ಸರಿ, ಆದರೆ ಸಾಲು ಉದ್ದವಾಗುತ್ತದೆ, ಮತ್ತು ಹುಡುಕುವವರು 'ಮಂಡ್ಯ ಬೆಲ್ಲ' ಎಂದೇ ಟೈಪ್ ಮಾಡುತ್ತಾರೆ. 'ಬೆಲ್ಲ' ಮತ್ತು 'ಬೆಲ್ಲವನ್ನು' ಒಂದೇ ಎಂದು ಹುಡುಕಾಟ ಅರಿತೀತು ಎಂಬ ಭರವಸೆಯ ಮೇಲೆ ಬರೆಯುವುದಕ್ಕಿಂತ ಪದವನ್ನು ಮೂಲ ರೂಪದಲ್ಲೇ ಇಡುವುದು ಒಳ್ಳೆಯದು.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹುಡುಕುವವರೂ ಬೇಕಾದಷ್ಟಿದ್ದಾರೆ. ಅವರಿಗಾಗಿ mandya bella, alemane, jaggery ಎಂಬಂಥವನ್ನು ಎರಡನೇ ಸಾಲಿಗೆ ಇಳಿಸಿ. ಹುಡುಕಾಟ ಇಡೀ ಕ್ಯಾಪ್ಶನ್ ಓದಬಲ್ಲದು. ಮೂರು ಚುಕ್ಕಿ ಮರೆಮಾಡುವುದು ಮನುಷ್ಯರ ಕಣ್ಣಿಗೆ ಮಾತ್ರ. ಆದರೆ ಇವನ್ನು ಕಾಮೆಂಟ್‌ನಲ್ಲಿ ಹಾಕಬೇಡಿ. ಹುಡುಕಾಟದಲ್ಲಿ ಸಿಗಬೇಕಾದ ಪದಗಳು ಕ್ಯಾಪ್ಶನ್‌ನಲ್ಲೇ ಇರಲಿ ಎಂದು ಇನ್‌ಸ್ಟಾಗ್ರಾಮ್ ತಾನೇ ಹೇಳಿದೆ.

ಸಾಲಿನ ಶುರುವಿಗೆ ಎಮೋಜಿ ಸಾಲುಗಟ್ಟಿಸುವುದೂ ನಮಸ್ಕಾರದಷ್ಟೇ ದುಬಾರಿ, ಒಂದೊಂದೂ ಒಂದು ಅಕ್ಷರದಷ್ಟಾದರೂ ಅಗಲ ತಿನ್ನುತ್ತದೆ. ಎರಡನೇ ಪದಕ್ಕೇ ಎಂಟರ್ ಒತ್ತಿದರೆ ಮೊದಲ ಸಾಲು ಅಲ್ಲಿಗೇ ಮುಗಿದು ಉಳಿದ ಜಾಗ ಖಾಲಿ ಹೋಗುತ್ತದೆ.

ಎಲ್ಲ ಸರಿಯಾಯಿತೇ ಎಂದು ತಿಳಿಯಲು ಪೋಸ್ಟ್ ಮಾಡಿದ ಕೂಡಲೇ ನಿಮ್ಮದಲ್ಲದ, ಪರದೆ ಚಿಕ್ಕದಿರುವ ಒಂದು ಫೋನ್ ತೆಗೆದುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ಒಂದೆರಡು ಹಂತ ದೊಡ್ಡದು ಮಾಡಿ, more ಒತ್ತದೆ ವಿಡಿಯೋ ನೋಡಿ. ಚುಕ್ಕಿಗಳ ಮುಂಚೆ 'ಬೆಲ್ಲ' ಕಾಣದಿದ್ದರೆ ಆಗಲೇ ಎಡಿಟ್‌ಗೆ ಹೋಗಿ ಅದನ್ನು ಇನ್ನೊಂದು ಪದ ಮುಂದಕ್ಕೆ ತನ್ನಿ. ಅಗತ್ಯ ಬಿದ್ದರೆ 'ಆಲೆಮನೆ' ಹಿಂದೆ ಸರಿಯಲಿ.