ಬ್ರಿಡ್ಜ್ ಬಿಡಿಸಲು ಒಂದು ತ್ರಿಕೋನ ಸಾಕು

ಸರ್ಕ್ಯೂಟ್ ಪಾಠದಲ್ಲಿ ಸೀರೀಸ್, ಪ್ಯಾರಲಲ್ ಎರಡನ್ನೂ ಚೆನ್ನಾಗಿ ಕಲಿತವರೂ ಬ್ರಿಡ್ಜ್ ಬಂದ ಕೂಡಲೇ ಪೆನ್ನು ಕೆಳಗಿಡುತ್ತಾರೆ. ಕಾರಣ ಸರಳ. ಅದರಲ್ಲಿ ಯಾವ ಎರಡು ರೆಸಿಸ್ಟರ್‌ಗಳೂ ಸೀರೀಸ್‌ನಲ್ಲಿಲ್ಲ, ಪ್ಯಾರಲಲ್‌ನಲ್ಲೂ ಇಲ್ಲ. ಎಲ್ಲಿಂದ ಹಿಡಿಯೋದು?

ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. ಮೇಲಿನ ತುದಿ ಎ, ಕೆಳಗಿನ ತುದಿ ಬಿ. ಎಡಕ್ಕೆ ಸಿ, ಬಲಕ್ಕೆ ಡಿ. ಎ–ಸಿ ನಡುವೆ 20 ಓಂ, ಎ–ಡಿ ನಡುವೆ 30. ಸಿ–ಬಿ 20, ಡಿ–ಬಿ 45. ಸಿ ಮತ್ತು ಡಿಗೆ ಅಡ್ಡಲಾಗಿ 50 ಓಂ. ಎ, ಬಿ ತುದಿಗಳಿಂದ ನೋಡಿದರೆ ಒಟ್ಟು ಎಷ್ಟು ಓಂ ಕಾಣುತ್ತದೆ ಅನ್ನೋದು ಪ್ರಶ್ನೆ.

ಎ, ಸಿ, ಡಿ ಸೇರಿ ಒಂದು ತ್ರಿಕೋನ ಆಗಿದೆ. ಅದೇ ಡೆಲ್ಟಾ. ಅದನ್ನು ಕಿತ್ತು, ಅದೇ ಮೂರು ಬಿಂದುಗಳಿಗೆ ಮೂರು ಕಾಲಿನ ಸ್ಟಾರ್ ಜೋಡಿಸುತ್ತೇವೆ. ವೈ ಅಂತ ಕರೆಯುವುದೂ ಇದನ್ನೇ. ಮೂರು ಕಾಲು ಕೂಡುವ ಜಾಗಕ್ಕೆ ಎನ್ ಅನ್ನೋಣ. ಈ ಅದಲು ಬದಲಿನ ಸೂತ್ರವನ್ನು 1899ರಲ್ಲಿ ಪ್ರಕಟಿಸಿದವರು ಆರ್ಥರ್ ಕೆನೆಲಿ. ಅವರು ಹುಟ್ಟಿದ್ದು ನಮ್ಮ ಮುಂಬೈಯ ಕೊಲಾಬಾದಲ್ಲಿ.

ಸೂತ್ರ ಇಷ್ಟೇ: ಒಂದು ಬಿಂದುವಿನ ಕಾಲು ಬೇಕಾದರೆ, ಆ ಬಿಂದುವಿಗೆ ಬಂದು ಸೇರುವ ಎರಡು ಬದಿಗಳನ್ನು ಗುಣಿಸಿ, ಮೂರೂ ಬದಿಗಳ ಮೊತ್ತದಿಂದ ಭಾಗಿಸಬೇಕು. ಇಲ್ಲಿ ಮೊತ್ತ 20 + 30 + 50 = 100.

```
A ಕಾಲು: 20 × 30 ÷ 100 = 6
C ಕಾಲು: 20 × 50 ÷ 100 = 10
D ಕಾಲು: 30 × 50 ÷ 100 = 15
```

ಇದನ್ನು ನಂಬಬೇಕಿಲ್ಲ, ಪರೀಕ್ಷೆ ಮಾಡಿಬಿಡಿ. ಹಳೆಯ ತ್ರಿಕೋನವನ್ನು ಬಿಡಿಯಾಗಿಟ್ಟು ಎ–ಸಿ ನಡುವೆ ಅಳೆದರೆ 20ಕ್ಕೆ 80 ಪ್ಯಾರಲಲ್, ಅಂದರೆ 16. ಸ್ಟಾರ್‌ನಲ್ಲಿ 6 + 10, ಅದೂ 16. ಸಿ–ಡಿ ನಡುವೆ 50ಕ್ಕೆ 50 ಪ್ಯಾರಲಲ್, 25. ಸ್ಟಾರ್‌ನಲ್ಲಿ 10 + 15. ಎ–ಡಿ ನಡುವೆ ಎರಡೂ ಕಡೆ 21. ಹೊರಗಿನಿಂದ ನೋಡುವವರಿಗೆ ಒಳಗಿರುವುದು ತ್ರಿಕೋನವೋ ಸ್ಟಾರೋ ಗೊತ್ತೇ ಆಗುವುದಿಲ್ಲ.

ಮುಂದಿನದು ಸಲೀಸು. ಎನ್‌ನಿಂದ ಎಡಕ್ಕೆ 10 + 20 = 30. ಬಲಕ್ಕೆ 15 + 45 = 60. ಇವೆರಡೂ ಪ್ಯಾರಲಲ್, 20. ಮೇಲಿನ 6 ಸೇರಿಸಿದರೆ 26 ಓಂ.

ಕೆಳಗಿನ ತ್ರಿಕೋನ ಹಿಡಿದರೂ ಉತ್ತರ ಇದೇ ಬರುತ್ತದೆ. ಆದರೆ ಅಲ್ಲಿ ಮೊತ್ತ 115, ಎಲ್ಲಾ ಕಾಲುಗಳೂ ದಶಾಂಶ. ಹಾಗಾಗಿ ಎರಡೂ ಮೊತ್ತ ನೋಡಿಕೊಂಡೇ ತ್ರಿಕೋನ ಆರಿಸುವುದು ಜಾಣತನ.

ಜಾಸ್ತಿ ಜನ ಎಡವುವುದು ಕಾಲುಗಳನ್ನು ಬರೆಯುವಾಗ. 6 ಇರಬೇಕಾದ ಕಡೆ 10, 10 ಇರಬೇಕಾದ ಕಡೆ 6 ಬಿದ್ದರೆ ಉತ್ತರ 28.14 ಬರುತ್ತದೆ. ನೋಡಲು ಅದೂ ಸರಿಯಾಗಿಯೇ ಕಾಣುತ್ತದೆ, ಅಲ್ವಾ? ಇದನ್ನು ಹಿಡಿಯಲು ಒಂದು ದಾರಿ ಇದೆ. ಅಡ್ಡ ರೆಸಿಸ್ಟರನ್ನು ಪೂರ್ತಿ ತೆಗೆದು ಲೆಕ್ಕ ಹಾಕಿ: 40ಕ್ಕೆ 75 ಪ್ಯಾರಲಲ್, 26.09. ಆಮೇಲೆ ಅದರ ಜಾಗದಲ್ಲಿ ಬರೀ ತಂತಿ ಇದೆ ಅಂದುಕೊಳ್ಳಿ: 12 + 13.85 = 25.85. ನಿಜವಾದ ಉತ್ತರ ಈ ಎರಡರ ನಡುವೆಯೇ ಇರಬೇಕು. ಅಡ್ಡ ರೆಸಿಸ್ಟರ್ ಹೆಚ್ಚಾದಂತೆ ಒಟ್ಟು ರೆಸಿಸ್ಟೆನ್ಸ್ ಎಂದೂ ಕಡಿಮೆಯಾಗುವುದಿಲ್ಲ, ಅದಕ್ಕೆ. 28.14 ಹೊರಗೆ ಬಿತ್ತು, 26 ಒಳಗಿದೆ.

ಹಾಗಾದರೆ 50 ಓಂ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತ ಯಾರಾದರೂ ಕೇಳಬಹುದು. ಈ ಲೆಕ್ಕದ ಮಟ್ಟಿಗೆ ಅವರ ಮಾತು ಸರಿಯೇ. ರೆಸಿಸ್ಟರ್‌ಗಳ ಟಾಲರೆನ್ಸ್ ಶೇಕಡಾ 5 ಇದ್ದರೆ ಇಷ್ಟೊಂದು ಲೆಕ್ಕವೇ ದಂಡ. ಆದರೆ ಕೆಳಗಿನ 20 ಮತ್ತು 45 ಅನ್ನು ಅದಲು ಬದಲು ಮಾಡಿ. ತಂತಿ ಹಾಕಿದಾಗ ಅದೇ 25.85, ತೆಗೆದಾಗ 28.26. ಸ್ಟಾರ್ ಲೆಕ್ಕದಲ್ಲಿ 27.39. ಈಗ ಅಂತರ ದೊಡ್ಡದಾಯಿತು. ಎಡ ಮತ್ತು ಬಲದ ಅನುಪಾತ ಹತ್ತಿರವಿದ್ದಷ್ಟೂ ಅಡ್ಡ ರೆಸಿಸ್ಟರ್‌ಗೆ ಕೆಲಸ ಕಡಿಮೆ. ಪೂರ್ತಿ ಸಮವಾದರೆ ಅದರಲ್ಲಿ ಕರೆಂಟೇ ಹರಿಯುವುದಿಲ್ಲ, ಆಗ ಮಾತ್ರ ಸುಮ್ನೆ ಕಿತ್ತು ಹಾಕಬಹುದು.

ಒಟ್ಟು ಉತ್ತರ ಸಿಕ್ಕಮೇಲೆ ಇನ್ನೊಂದು ಎಚ್ಚರ ಬೇಕು. 10 ಓಂ ಕಾಲಿನಲ್ಲಿ ಹರಿಯುವ ಕರೆಂಟ್ ಹಳೆಯ ತ್ರಿಕೋನದ ಯಾವ ರೆಸಿಸ್ಟರಿನದ್ದೂ ಅಲ್ಲ. ಎನ್ ಅನ್ನುವ ಬಿಂದು ಬೋರ್ಡಿನ ಮೇಲೆ ಇಲ್ಲವೇ ಇಲ್ಲ. ಆದರೆ ಎ, ಸಿ, ಡಿ ಇವೆ, ಅವುಗಳ ವೋಲ್ಟೇಜ್ ಬದಲಾಗಿಲ್ಲ. ಮೊದಲಿನ ಜೋಡಣೆಗೇ 26 ವೋಲ್ಟ್ ಕೊಟ್ಟರೆ ಒಟ್ಟು ಕರೆಂಟ್ 1 ಆಂಪಿಯರ್, ಎನ್ 20 ವೋಲ್ಟ್‌ನಲ್ಲಿರುತ್ತದೆ. ಎಡಕ್ಕೆ 0.667 ಆಂಪಿಯರ್, ಬಲಕ್ಕೆ 0.333. ಆದ್ದರಿಂದ ಸಿ 13.33 ವೋಲ್ಟ್, ಡಿ 15 ವೋಲ್ಟ್. ಈಗ ಹಳೆಯ ಚಿತ್ರಕ್ಕೆ ವಾಪಸ್ ಹೋಗಿ 1.67 ಅನ್ನು 50ರಿಂದ ಭಾಗಿಸಿ. ಅಡ್ಡ ರೆಸಿಸ್ಟರಿನಲ್ಲಿ ಸುಮಾರು 33 ಮಿಲಿಆಂಪಿಯರ್, ಅದೂ ಡಿಯಿಂದ ಸಿ ಕಡೆಗೆ. ಮೀಟರಿನ ಕೆಂಪು ಪ್ರೋಬ್ ಸಿ ಮೇಲೆ, ಕಪ್ಪು ಡಿ ಮೇಲೆ ಇಟ್ಟರೆ ವೋಲ್ಟೇಜ್ ಮೈನಸ್ ತೋರಿಸುತ್ತದೆ.